ಗಂಟಲು ಊದಿಕೊಂಡಾಗ ಮೊದಲ ಹತ್ತು ನಿಮಿಷ

ಒಂದು ಭಾನುವಾರ ಮಧ್ಯಾಹ್ನ ನಮ್ಮ ಬೀದಿಯ ಮನೆಯೊಂದರಲ್ಲಿ ನಾಮಕರಣದ ಊಟ ನಡೆದಿತ್ತು. ಅಮೆರಿಕದಿಂದ ರಜೆಗೆ ಬಂದಿದ್ದ ಹದಿನಾರು ವರ್ಷದ ಹುಡುಗನಿಗೆ ಗೋಡಂಬಿ ಒಗ್ಗುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಆದ್ದರಿಂದ ಪಾಯಸವನ್ನು ಅವನ ಎಲೆಗೆ ಬಡಿಸಲಿಲ್ಲ. ಆದರೆ ಪೂರಿಯ ಜೊತೆ ಬಡಿಸಿದ ಸಾಗುವಿಗೆ ಅಡಿಗೆಯವರು ಗೋಡಂಬಿಯನ್ನೇ ಅರೆದು ಹಾಕಿದ್ದರು. ಅರೆದದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ!

ಐದು ನಿಮಿಷದೊಳಗೆ ತುಟಿ ಮತ್ತು ನಾಲಿಗೆ ತುರಿಸತೊಡಗಿದವು. ಮೈಮೇಲೆ ಪಿತ್ತಗಂಧೆಯಂಥ ದದ್ದುಗಳೆದ್ದವು. ಅಜ್ಜಿ ನೀರು ಕುಡಿಸಿದರು, ಯಾರೋ ಅಲರ್ಜಿ ಮಾತ್ರೆ ನುಂಗಿಸಿದರು. ಇನ್ನೈದು ನಿಮಿಷದಲ್ಲಿ ಹುಡುಗನ ಧ್ವನಿ ಒಡೆಯಿತು. ಉಗುಳು ನುಂಗಲಾಗದೆ ಬಾಯಿಂದ ಸುರಿಯತೊಡಗಿತು.

ಈ ಹಂತವನ್ನು ನೀವು ಗುರುತಿಸಬೇಕು. ಬರೀ ದದ್ದು, ಬರೀ ತುರಿಕೆ ಇದ್ದರೆ ಪಕ್ಕದಲ್ಲೇ ಇದ್ದು ಗಮನಿಸುತ್ತಿದ್ದರೆ ಸಾಕು. ಆದರೆ ಧ್ವನಿ ಬದಲಾಯಿತು, ಗಂಟಲು ಬಿಗಿಯಿತು, ಉಗುಳು ಇಳಿಯುತ್ತಿಲ್ಲ, ಉಸಿರು ಒಳಗೆಳೆಯುವಾಗ ಸೀಟಿಯಂಥ ಸದ್ದು ಬರುತ್ತಿದೆ, ನಾಲಿಗೆ ದಪ್ಪವಾಗಿದೆ ಎಂದಾದರೆ ಬಾವು ಶ್ವಾಸನಾಳದ ಬಾಗಿಲಿಗೆ ಬಂದಿದೆ ಎಂದರ್ಥ. ಇದ್ದಕ್ಕಿದ್ದಂತೆ ತಲೆ ಸುತ್ತಿ ಕುಸಿಯುವುದೂ ಅಷ್ಟೇ ಅಪಾಯದ ಸೂಚನೆ. ಕೆಲವರಲ್ಲಿ ಮೈಮೇಲೆ ಒಂದು ದದ್ದೂ ಏಳದೆ ಇದೆಲ್ಲ ಆಗಿಬಿಡಬಹುದು, ದದ್ದಿಗಾಗಿ ಕಾಯುವಂತಿಲ್ಲ.

ಈಗ ಬೇಕಾದ ಔಷಧಿ ಒಂದೇ, ಅಡ್ರಿನಲಿನ್. ಅಲರ್ಜಿಯಿಂದ ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳಿಂದ ನೀರು ಒಸರಿ ಗಂಟಲಿನ ಒಳಪದರ ಊದಿಕೊಳ್ಳುತ್ತದೆ. ಅಡ್ರಿನಲಿನ್ ಆ ನಾಳಗಳನ್ನು ಕುಗ್ಗಿಸುತ್ತದೆ, ಶ್ವಾಸನಾಳಗಳನ್ನು ಸಡಿಲಿಸುತ್ತದೆ, ಬೀಳುತ್ತಿರುವ ರಕ್ತದೊತ್ತಡವನ್ನು ಎತ್ತಿ ಹಿಡಿಯುತ್ತದೆ. ಅಲರ್ಜಿ ಮಾತ್ರೆ ತುರಿಕೆಯನ್ನಷ್ಟೇ ತಗ್ಗಿಸುತ್ತದೆ, ಅದೂ ಅರ್ಧ ಗಂಟೆಗೂ ಮೇಲೆ. ಸ್ಟಿರಾಯ್ಡ್ ಚುಚ್ಚುಮದ್ದು ಕೆಲಸ ಶುರುಮಾಡಲು ಗಂಟೆಗಳೇ ಬೇಕು. ನಮ್ಮ ವೈದ್ಯರಲ್ಲೂ ಕೆಲವರು ಅಡ್ರಿನಲಿನ್ ಎಂದರೆ ಅಳುಕಿ ಈ ಎರಡನ್ನೇ ಮೊದಲು ಕೊಡುವುದುಂಟು, ಅದು ಸರಿಯಲ್ಲ.

ಹುಡುಗನ ಬಳಿ ಅಡ್ರಿನಲಿನ್ ತುಂಬಿದ ಎರಡು ಪೆನ್ನುಗಳಿದ್ದವು. ಎಲ್ಲಿ? ಮಹಡಿಯ ಮೇಲೆ, ಬೀಗ ಹಾಕಿದ ಸೂಟ್‌ಕೇಸಿನಲ್ಲಿ. ಕೀ ಹುಡುಕಿ ತರುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಸೋದರಮಾವ ಗಾಬರಿಯಲ್ಲಿ ಪೆನ್ನನ್ನು ತಲೆಕೆಳಗಾಗಿ ಹಿಡಿದು, ಬಾಲ್‌ಪೆನ್ನಿನ ಗುಂಡಿ ಒತ್ತುವಂತೆ ಹೆಬ್ಬೆರಳಿನಿಂದ ತುದಿಯನ್ನು ಒತ್ತಿದರು. ಸೂಜಿ ಅವರ ಹೆಬ್ಬೆರಳಿಗೇ ಇಳಿಯಿತು! ಪುಣ್ಯಕ್ಕೆ ಇನ್ನೊಂದಿತ್ತು. ಅದನ್ನು ತಾಯಿಯೇ ತೊಡೆಗೆ ಹಾಕಿದರು.

ಈ ತಪ್ಪು ಅಪರೂಪದ್ದೇನಲ್ಲ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪೆನ್ನಿನ ಒಂದು ತುದಿಗೆ ನೀಲಿ ಮುಚ್ಚಳ, ಇನ್ನೊಂದು ತುದಿ ಕಿತ್ತಳೆ ಬಣ್ಣ. ಸೂಜಿ ಇರುವುದು ಕಿತ್ತಳೆ ತುದಿಯಲ್ಲಿ. ನೀಲಿ ಮುಚ್ಚಳ ಬರೀ ಬೀಗವಿದ್ದಂತೆ. ಕೋಲು ಹಿಡಿದಂತೆ ಪೆನ್ನಿನ ನಡುವನ್ನು ಮುಷ್ಟಿಯಲ್ಲಿ ಹಿಡಿಯಿರಿ. ಎರಡೂ ತುದಿಗಳ ಮೇಲೆ ಬೆರಳು ಇರಕೂಡದು. ಇನ್ನೊಂದು ಕೈಯಿಂದ ನೀಲಿ ಮುಚ್ಚಳವನ್ನು ನೇರವಾಗಿ ಎಳೆದು ತೆಗೆಯಿರಿ. ಕಿತ್ತಳೆ ತುದಿಯನ್ನು ತೊಡೆಯ ಹೊರಮಗ್ಗುಲಿಗೆ, ಸೊಂಟಕ್ಕೂ ಮಂಡಿಗೂ ನಡುವೆ, ನೇರವಾಗಿ ಇಟ್ಟು ಟಕ್ ಎಂಬ ಸದ್ದು ಬರುವವರೆಗೆ ಗಟ್ಟಿಯಾಗಿ ಒತ್ತಿರಿ. ನಿಧಾನವಾಗಿ ಮೂರು ಎಣಿಸುವವರೆಗೆ ಒತ್ತಿಯೇ ಹಿಡಿದು ಆಮೇಲೆ ತೆಗೆಯಿರಿ. ಪ್ಯಾಂಟು ಬಿಚ್ಚಬೇಕಿಲ್ಲ, ಬಟ್ಟೆಯ ಮೇಲಿಂದಲೇ ಸೂಜಿ ಹೋಗುತ್ತದೆ. ಜೇಬಿನಲ್ಲಿ ಕೀ, ಮೊಬೈಲ್ ಇಲ್ಲದಂತೆ ನೋಡಿಕೊಂಡರೆ ಆಯಿತು. ಮಕ್ಕಳಾದರೆ ಕಾಲು ಒದರದಂತೆ ಬಿಗಿಯಾಗಿ ಹಿಡಿಯಬೇಕು. ಬೇರೆ ಕಂಪನಿಗಳ ಪೆನ್ನುಗಳಲ್ಲಿ ಬಣ್ಣ, ಎಣಿಕೆ ಬೇರೆ ಇರುತ್ತವೆ. ಪೆನ್ನು ಕೈಗೆ ಬಂದ ದಿನವೇ ಅದರ ಮೇಲಿನ ಬರಹ ಓದಿಕೊಳ್ಳಿ.

ಚುಚ್ಚಿದ ಮೇಲೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ಇದು ಔಷಧಿಯ ಗುಣ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮಾವನವರ ಹೆಬ್ಬೆರಳು ಮಾತ್ರ ಸುಣ್ಣದಂತೆ ಬೆಳ್ಳಗಾಗಿ ಮರಗಟ್ಟಿತ್ತು. ಬೆಚ್ಚಗಿನ ನೀರಿನಲ್ಲಿ ಇರಿಸಿ, ಆಸ್ಪತ್ರೆಯಲ್ಲೂ ತೋರಿಸಿದ ಮೇಲೆ ಸಂಜೆಯ ಹೊತ್ತಿಗೆ ರಕ್ತ ಓಡಾಡಿತು.

ನನಗೆ ಕರೆ ಬಂದದ್ದು ಆಗ. ನಾನು ಹೋದಾಗ ಹುಡುಗ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತೇನೆಂದು ಎದ್ದು ನಿಂತಿದ್ದ, ಇಬ್ಬರು ಹಿಡಿದುಕೊಂಡಿದ್ದರು. ನಾನು ಮೊದಲು ಮಾಡಿದ ಕೆಲಸ ಅವನನ್ನು ನೆಲಕ್ಕೆ ಕೂರಿಸಿದ್ದು. ತೀವ್ರ ಅಲರ್ಜಿಯಲ್ಲಿ ರಕ್ತನಾಳಗಳು ಸಡಿಲವಾಗಿರುವುದರಿಂದ ನಿಂತೊಡನೆ ರಕ್ತವೆಲ್ಲ ಕಾಲಿಗಿಳಿದು ಹೃದಯಕ್ಕೆ ಮರಳುವುದೇ ಇಲ್ಲ. ಹೀಗೆ ಎದ್ದು ನಿಂತ ನಿಮಿಷದಲ್ಲೇ ಪ್ರಾಣ ಹೋದ ಉದಾಹರಣೆಗಳಿವೆ. ಉಸಿರಾಟ ಸರಾಗವಾಗಿದ್ದರೆ ಅಂಗಾತ ಮಲಗಿಸಿ ಕಾಲುಗಳನ್ನು ದಿಂಬಿನ ಮೇಲೆ ಎತ್ತರಿಸಿ. ಗಂಟಲು ಕಟ್ಟಿದ್ದರೆ ಮಲಗಿಸಬೇಡಿ. ಕಾಲು ಚಾಚಿಸಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ವಾಂತಿ ಬಂದರೆ ಅಥವಾ ಎಚ್ಚರ ತಪ್ಪಿದರೆ ಮಗ್ಗುಲಿಗೆ ತಿರುಗಿಸಿ, ಗರ್ಭಿಣಿಯಾದರೆ ಎಡಮಗ್ಗುಲಿಗೆ. ಬಚ್ಚಲಿಗೂ ನಡೆಸಬೇಡಿ, ಆಂಬ್ಯುಲೆನ್ಸಿಗೂ ನಡೆಸಬೇಡಿ, ಸ್ಟ್ರೆಚರ್ ಮೇಲೆಯೇ ಹೋಗಲಿ. ಬಾಯಿಗೆ ನೀರು, ಮಜ್ಜಿಗೆ, ಕಷಾಯ ಏನನ್ನೂ ಹಾಕಬೇಡಿ. ನುಂಗಲಾಗದ ಗಂಟಲಿನಿಂದ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದಂತೂ ಕೂಡದು.

ಪೆನ್ನು ಹಾಕಿದೊಡನೆ ಮನೆಯವರು 108ಕ್ಕೆ ಫೋನ್ ಮಾಡಿದ್ದರು. ಗಡಿಯಾರ ನೋಡಿ ಚುಚ್ಚಿದ ವೇಳೆಯನ್ನೂ ಬರೆದಿಟ್ಟಿದ್ದರು, ಅದು ನನಗೆ ಬಹಳ ಉಪಯೋಗವಾಯಿತು. ಐದು ನಿಮಿಷ ಕಳೆದರೂ ಬಾವು ಇಳಿಯದಿದ್ದರೆ ಅಥವಾ ಇಳಿದದ್ದು ಮತ್ತೆ ಏರಿದರೆ ಎರಡನೆಯ ಸಲ ಚುಚ್ಚಬೇಕು. ಪೆನ್ನುಗಳನ್ನು ಜೋಡಿಯಾಗಿ ಇಟ್ಟುಕೊಳ್ಳುವುದು ಇದಕ್ಕೇ. ಹತ್ತನೆಯ ನಿಮಿಷದಲ್ಲೂ ಹುಡುಗನ ಧ್ವನಿ ಗೊರಗೊರ ಎನ್ನುತ್ತಿತ್ತು. ಅವರ ಎರಡನೆಯ ಪೆನ್ನು ಮಾವನ ಹೆಬ್ಬೆರಳಿಗೆ ಹೋಗಿತ್ತು. ನನ್ನ ಚೀಲದಲ್ಲಿದ್ದ ಅಡ್ರಿನಲಿನ್ ಆಂಪ್ಯೂಲಿನಿಂದ ಅರ್ಧ ಮಿಲಿಲೀಟರ್ ತೆಗೆದು ಇನ್ನೊಂದು ತೊಡೆಗೆ ಕೊಟ್ಟೆ. ಆರೇಳು ನಿಮಿಷಕ್ಕೆ ಉಸಿರಿನ ಸೀಟಿ ನಿಂತಿತು, ಉಗುಳು ನುಂಗಿದ.

"ಈಗ ಸರಿಹೋಯಿತಲ್ಲ ಡಾಕ್ಟ್ರೇ, ಆಸ್ಪತ್ರೆ ಯಾಕೆ?" ಎಂದರು ಅಜ್ಜಿ. ಅಡ್ರಿನಲಿನ್ನಿನ ಪ್ರಭಾವ ಬೇಗ ಇಳಿದುಹೋಗುತ್ತದೆ, ಅಲರ್ಜಿ ಕೆಲವು ಗಂಟೆಗಳ ನಂತರ ಎರಡನೆಯ ಸಲ ಏಳಬಹುದು. ಈ ಹುಡುಗನಿಗೂ ರಾತ್ರಿ ಎಂಟರ ಹೊತ್ತಿಗೆ ಮತ್ತೆ ದದ್ದೆದ್ದು ಗಂಟಲು ಕೆರೆಯಿತು. ವಾರ್ಡಿನಲ್ಲಿದ್ದುದರಿಂದ ತಡವಾಗಲಿಲ್ಲ. ಮರುದಿನ ಮಧ್ಯಾಹ್ನ ಮನೆಗೆ ಬಂದ.

ಇಂಥ ಪೆನ್ನು ನಮ್ಮ ಊರುಗಳ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಗುವುದು ಆಂಪ್ಯೂಲು, ಬೆಲೆಯೂ ಕಡಿಮೆ. ಪೆನ್ನಿಲ್ಲದ ಮನೆಯಲ್ಲಿ ಗಂಟಲು ಊದಿಕೊಂಡರೆ ದೂರದ ದೊಡ್ಡ ಆಸ್ಪತ್ರೆಯೇ ಆಗಬೇಕೆಂದು ಹಟ ಹಿಡಿಯಬೇಡಿ. 108ಕ್ಕೆ ಹೇಳಿ, ಅದು ಬರುವುದು ತಡವಾಗುವಂತಿದ್ದರೆ ಅಡ್ರಿನಲಿನ್ ಇರುವ ಹತ್ತಿರದ ವೈದ್ಯರನ್ನು ಕರೆಸಿ ಅಥವಾ ರೋಗಿಯನ್ನು ವಾಹನದಲ್ಲಿ ಕೂರಿಸಿಕೊಂಡೇ ಅಲ್ಲಿಗೆ ಹೋಗಿ. ಗೋಡಂಬಿ, ಕಡಲೆಕಾಯಿ, ಸೀಗಡಿ ಅಥವಾ ಜೇನುಹುಳುವಿನ ಕಡಿತದಿಂದ ಒಮ್ಮೆ ಹೀಗಾಗಿದ್ದವರು ಯಾರ ಬಳಿ ಅಡ್ರಿನಲಿನ್ ಇದೆಯೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಆ ಹುಡುಗನಿಗೆ ಹೊಸ ಪೆನ್ನು ಅಮೆರಿಕಕ್ಕೆ ಮರಳಿದ ಮೇಲೆಯೇ. ಉಳಿದ ಮೂರು ವಾರಗಳಿಗೆಂದು ಎರಡು ಆಂಪ್ಯೂಲು, ಎರಡು ಸಿರಿಂಜು ಒಂದು ಡಬ್ಬಿಯಲ್ಲಿ ಹಾಕಿಕೊಟ್ಟೆ. ಬಿಸಿಲಿಗಿಡಬಾರದು, ನಿಂತ ಕಾರಿನಲ್ಲಿ ಬಿಡಬಾರದು, ದ್ರವ ಕಂದು ಬಣ್ಣಕ್ಕೆ ತಿರುಗಿದರೆ ಎಸೆಯಬೇಕು ಎಂದೂ ತಿಳಿಸಿದೆ. ಅರ್ಧ ಮಿಲಿಲೀಟರಿನ ಗೆರೆಯವರೆಗೆ ಎಳೆಯುವುದನ್ನು ಬರೀ ನೀರಿನಲ್ಲಿ ಹತ್ತು ಸಲ ಮಾಡಿಸಿದೆ. ತಾಯಿಗಿಂತ ಮೊದಲು ಕಲಿತವರು ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಮಾವ.