ಬಡ್ಡಿ ಬದಲಾದರೆ ಗೆಲ್ಲುವ ಯಂತ್ರವೂ ಬದಲು

ಹಾಸನದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್, ದಾವಣಗೆರೆಯಲ್ಲಿ ಇನ್ನೊಂದು ಇದೆ ಎಂದುಕೊಳ್ಳೋಣ. ಇಬ್ಬರು ಮಾಲೀಕರ ಮುಂದೆಯೂ ಒಂದೇ ಆಯ್ಕೆ. ಶೆಡ್ಡಿನಲ್ಲಿ ಇನ್ನೊಂದೇ ಒಂದು ಯಂತ್ರಕ್ಕೆ ಜಾಗವಿದೆ, ಯಾವುದನ್ನು ತಂದರೂ 10 ಲಕ್ಷ ರೂಪಾಯಿ ಬೇಕು. ಮೊದಲನೆಯದು ಲಗ್ನಪತ್ರಿಕೆ, ಕ್ಯಾಲೆಂಡರ್ ಅಚ್ಚು ಹಾಕುವ ಆಫ್‌ಸೆಟ್ ಯಂತ್ರ. ಗಿರಾಕಿಗಳು ಈಗಲೇ ಇದ್ದಾರೆ, ಆದರೆ ಕರೆಯೋಲೆಗಳು ಮೊಬೈಲಿಗೆ ಹೋಗುತ್ತಿರುವುದರಿಂದ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರೆ. ಎರಡನೆಯದು ಬೇಕರಿಗಳಿಗೆ ರಟ್ಟಿನ ಡಬ್ಬಿ ಮಾಡುವ ಯಂತ್ರ. ಇದಕ್ಕೆ ಗಿರಾಕಿಗಳನ್ನು ಹುಡುಕಬೇಕು, ಸಿಕ್ಕ ಮೇಲೆ ಕೆಲಸ ಏರುತ್ತಾ ಹೋಗುತ್ತದೆ.

ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಖರ್ಚೆಲ್ಲ ಕಳೆದು ಆಫ್‌ಸೆಟ್ ಯಂತ್ರ ಮೊದಲ ವರ್ಷ 8 ಲಕ್ಷ, ಎರಡನೇ ವರ್ಷ 4 ಲಕ್ಷ, ಮೂರನೇ ವರ್ಷ 1 ಲಕ್ಷ ಕೈಗೆ ಕೊಡುತ್ತದೆ. ಡಬ್ಬಿ ಯಂತ್ರ ಕೊಡುವುದು 2 ಲಕ್ಷ, 4 ಲಕ್ಷ, 8.26 ಲಕ್ಷ. ಹಳೆಯ ಯಂತ್ರ ಮಾರಿದ ಹಣವೂ ಮೂರನೇ ವರ್ಷದ ಮೊತ್ತದಲ್ಲೇ ಸೇರಿದೆ, ಅಲ್ಲಿಗೆ ಎರಡರ ಕಥೆಯೂ ಮುಗಿಯಿತು.

ಲೆಕ್ಕಪರಿಶೋಧಕರ ಬಳಿ ಹೋದರೆ ಅವರು ಎರಡು ಅಳತೆಗಳನ್ನು ಮುಂದಿಡುತ್ತಾರೆ. ಒಂದು ಐಆರ್‌ಆರ್, ಅಂದರೆ ಆಂತರಿಕ ಪ್ರತಿಫಲ ದರ. ಹಾಕಿದ ಹಣವನ್ನು ಯಂತ್ರಕ್ಕೆ ಕೊಟ್ಟ ಸಾಲವೆಂದು ಭಾವಿಸಿದರೆ, ಯಂತ್ರ ಎಷ್ಟು ಬಡ್ಡಿ ಕಟ್ಟಿ ಸಾಲ ತೀರಿಸಿತು ಎಂಬುದೇ ಆ ದರ. ಆಫ್‌ಸೆಟ್ ಯಂತ್ರದ್ದು ಶೇ. 20ಕ್ಕಿಂತ ತುಸು ಹೆಚ್ಚು, ಡಬ್ಬಿ ಯಂತ್ರದ್ದು ಶೇ. 16ರ ಹತ್ತಿರ. ಇನ್ನೊಂದು ಎನ್‌ಪಿವಿ, ಅಂದರೆ ನಿವ್ವಳ ವರ್ತಮಾನ ಮೌಲ್ಯ. ಮುಂದೆ ಬರುವ ಹಣವನ್ನೆಲ್ಲ ಮಾಲೀಕರ ಹಣಕ್ಕೆ ಬೀಳುವ ಬಡ್ಡಿಯ ಲೆಕ್ಕದಲ್ಲಿ ಇಂದಿನ ಬೆಲೆಗೆ ಇಳಿಸಿ, ಹಾಕಿದ 10 ಲಕ್ಷವನ್ನು ಕಳೆದು ಉಳಿಯುವ ಲಾಭ ಅದು.

ಹಾಸನದ ಮಾಲೀಕರು ಬ್ಯಾಂಕಿನ ಎಫ್‌ಡಿ ಮುರಿದು ಹಣ ಹಾಕುತ್ತಾರೆ, ಅದಕ್ಕೆ ಶೇ. 7 ಬರುತ್ತಿತ್ತು. ಈ ದರದಲ್ಲಿ ಆಫ್‌ಸೆಟ್ ಯಂತ್ರದ ಎನ್‌ಪಿವಿ ಸುಮಾರು 1.79 ಲಕ್ಷ, ಡಬ್ಬಿ ಯಂತ್ರದ್ದು 2.11 ಲಕ್ಷ. ದಾವಣಗೆರೆಯವರದು ಶೇ. 14ರ ಸಾಲ. ಅವರಿಗೆ ಆಫ್‌ಸೆಟ್ ಯಂತ್ರ ಸುಮಾರು 77,000 ರೂಪಾಯಿ ಕೊಟ್ಟರೆ ಡಬ್ಬಿ ಯಂತ್ರ ಕೊಡುವುದು 41,000 ಮಾತ್ರ. ಯಂತ್ರಗಳೂ ಅವೇ, ಗಳಿಕೆಯೂ ಅದೇ. ಆದರೂ ಹಾಸನಕ್ಕೆ ಡಬ್ಬಿ ಯಂತ್ರ ಸರಿ, ದಾವಣಗೆರೆಗೆ ಆಫ್‌ಸೆಟ್ ಸರಿ. ಐಆರ್‌ಆರ್ ಮಾತ್ರ ಇಬ್ಬರಿಗೂ ಆಫ್‌ಸೆಟ್ ಅನ್ನೇ ಶಿಫಾರಸು ಮಾಡುತ್ತದೆ, ಏಕೆಂದರೆ ಹಣ ಯಾರದು, ಅದಕ್ಕೆ ಎಷ್ಟು ಬಡ್ಡಿ ಎಂದು ಅದು ಕೇಳುವುದೇ ಇಲ್ಲ.

ಶೇ. 20 ಎಂಬ ದೊಡ್ಡ ದರ ಹಾಸನದಲ್ಲಿ ಸೋತದ್ದು ಹೇಗೆ? ಸಾಲದ ಹೋಲಿಕೆಯನ್ನೇ ಮುಂದುವರಿಸಿದರೆ ಗೊತ್ತಾಗುತ್ತದೆ. ಆಫ್‌ಸೆಟ್ ಯಂತ್ರ ಮೊದಲ ವರ್ಷವೇ 8 ಲಕ್ಷ ಹಿಂದಿರುಗಿಸಿಬಿಡುವುದರಿಂದ ಅದರ ಮೇಲೆ ಬಾಕಿ ಉಳಿಯುವುದು ಸುಮಾರು 4 ಲಕ್ಷ, ಮರುವರ್ಷ 83,000 ಮಾತ್ರ. ಶೇ. 20ರ ಬಡ್ಡಿ ದುಡಿಯುವುದು ಈ ಕರಗುತ್ತಿರುವ ಮೊತ್ತದ ಮೇಲೆ. ಡಬ್ಬಿ ಯಂತ್ರದ ಬಾಕಿ ಮೊದಲ ವರ್ಷದ ಕೊನೆಗೂ 9.6 ಲಕ್ಷ, ಎರಡನೆಯದರ ಕೊನೆಗೆ 7.1 ಲಕ್ಷ. ದರ ಶೇ. 16 ಆದರೂ ದುಡಿಯುವ ಅಸಲು ದೊಡ್ಡದು, ದುಡಿಯುವ ಕಾಲವೂ ಹೆಚ್ಚು. ದಾವಣಗೆರೆಯವರಿಗೆ ಬೇಗ ಮರಳಿದ ಹಣ ಶೇ. 14ರ ಸಾಲವನ್ನು ಇಳಿಸುತ್ತದೆ, ಹಾಗಾಗಿ ಅದಕ್ಕೆ ಬೆಲೆ ಹೆಚ್ಚು. ಹಾಸನದವರಿಗೆ ಬೇಗ ಬಂದ ಹಣ ಮತ್ತೆ ಶೇ. 7ರ ಎಫ್‌ಡಿಗೇ ಹೋಗಬೇಕು.

ಶೇ. 7ಕ್ಕೂ 14ಕ್ಕೂ ನಡುವೆ ಎಲ್ಲೋ ಒಂದು ಕಡೆ ಎರಡು ಯಂತ್ರಗಳೂ ಸಮಸಮ ಆಗಲೇಬೇಕಲ್ಲ? ಆ ಬಿಂದುವೇ ಕ್ರಾಸ್‌ಓವರ್ ದರ. ಅದನ್ನು ಕಂಡುಹಿಡಿಯಲು ದರಗಳನ್ನು ಒಂದೊಂದಾಗಿ ಹಾಕಿ ನೋಡಬೇಕಾಗಿಲ್ಲ. ಡಬ್ಬಿ ಯಂತ್ರದ ಹಣದಿಂದ ಆಫ್‌ಸೆಟ್ ಯಂತ್ರದ ಹಣವನ್ನು ವರ್ಷವಾರು ಕಳೆದರೆ ಸಾಕು. ಆರಂಭದಲ್ಲಿ ವ್ಯತ್ಯಾಸ ಸೊನ್ನೆ. ಮೊದಲ ವರ್ಷ 6 ಲಕ್ಷ ಕಡಿಮೆ, ಎರಡನೇ ವರ್ಷ ಮತ್ತೆ ಸೊನ್ನೆ, ಮೂರನೇ ವರ್ಷ 7.26 ಲಕ್ಷ ಹೆಚ್ಚು. ಅಂದರೆ ಡಬ್ಬಿ ಯಂತ್ರವನ್ನು ಆರಿಸಿಕೊಂಡವರು ಮೊದಲ ವರ್ಷದ ಕೊನೆಗೆ 6 ಲಕ್ಷ ಬಿಟ್ಟುಕೊಟ್ಟು, ಎರಡು ವರ್ಷ ಕಾದು 7.26 ಲಕ್ಷ ಪಡೆಯುತ್ತಾರೆ. 6ಕ್ಕೆ 7.26 ಎಂದರೆ 1.21 ಪಟ್ಟು, ವರ್ಷಕ್ಕೆ 1.1 ಪಟ್ಟು. ಕ್ರಾಸ್‌ಓವರ್ ದರ ಸರಿಯಾಗಿ ಶೇ. 10. ಆ ದರದಲ್ಲಿ ಎರಡರ ಎನ್‌ಪಿವಿಯೂ 1.33 ಲಕ್ಷ. ಹಣದ ಬಡ್ಡಿ ಅದಕ್ಕಿಂತ ಕಡಿಮೆಯಿದ್ದವರಿಗೆ ಕಾಯುವುದು ಲಾಭ, ಹೆಚ್ಚಿದ್ದವರಿಗೆ ನಷ್ಟ.

ಈ ಕಳೆಯುವ ಉಪಾಯ ಹಳೆಯದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1930ರಲ್ಲಿ ಪ್ರಕಟಿಸಿದ ಬಡ್ಡಿಯ ಸಿದ್ಧಾಂತದ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದರು. ಅವರು ಕೊಟ್ಟ ಉದಾಹರಣೆ ಒಂದು ತುಂಡು ಜಮೀನು. ಅದರಲ್ಲಿ ಬೇಸಾಯ ಮಾಡಬಹುದು, ಕಾಡು ಬೆಳೆಸಬಹುದು, ಗಣಿ ತೋಡಬಹುದು. ಗಣಿಯ ಆದಾಯ ಮೊದಲೇ ದೊಡ್ಡದಾಗಿ ಬಂದು ಬತ್ತುತ್ತದೆ, ಕಾಡಿನದು ತಡವಾಗಿ ಬರುತ್ತದೆ, ಬೇಸಾಯದ್ದು ಪ್ರತಿವರ್ಷ ಒಂದೇ ಸಮ. ಯಾವುದು ಮೇಲು ಎಂದು ತೀರ್ಮಾನಿಸುವುದು ಬಡ್ಡಿ ದರ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಾಗ ಕೈಬಿಟ್ಟದ್ದನ್ನು ಫಿಶರ್ ವೆಚ್ಚವೆಂದು ಕರೆದರು, ಮುಂದೆ ಹೆಚ್ಚಾಗಿ ಸಿಕ್ಕಿದ್ದನ್ನು ಪ್ರತಿಫಲವೆಂದರು. ಇವೆರಡನ್ನೂ ಸರಿದೂಗಿಸುವ ದರವೇ ಇಂದಿನ ಕ್ರಾಸ್‌ಓವರ್ ದರ. ಕೆಲವು ಪಠ್ಯಪುಸ್ತಕಗಳು ಈಗಲೂ ಅದನ್ನು ಫಿಶರ್ ದರ ಎಂದೇ ಕರೆಯುತ್ತವೆ.

1936ರಲ್ಲಿ ಜಾನ್ ಮೇನಾರ್ಡ್ ಕೇನ್ಸ್ ತಮ್ಮ ಹೆಸರಾಂತ ಗ್ರಂಥದಲ್ಲಿ ಬಂಡವಾಳದ ದಕ್ಷತೆಯ ಬಗ್ಗೆ ಬರೆಯುತ್ತಾ, ತಾವು ಹೇಳುವುದೂ ಫಿಶರ್ ಹೇಳಿದ್ದೂ ಒಂದೇ ಎಂದರು. ಒಂದೇ ಆಗಿರಲಿಲ್ಲ. ಕೇನ್ಸ್ ಅವರದು ಒಂದು ಯೋಜನೆಯ ಸ್ವಂತ ದರ, ಅಂದರೆ ಐಆರ್‌ಆರ್. ಫಿಶರ್ ಅವರದು ಎರಡು ಯೋಜನೆಗಳ ನಡುವಿನ ದರ. ಈ ಗೊಂದಲವನ್ನು ಬಿಡಿಸಿದವರು ಆರ್ಮೆನ್ ಆಲ್ಚಿಯನ್, 1955ರ ಒಂದು ಲೇಖನದಲ್ಲಿ. ಕೇನ್ಸ್ ಅಂಥವರೇ ಎಡವಿದ ಜಾಗದಲ್ಲಿ ಇಂದಿನ ಎಂಬಿಎ ವಿದ್ಯಾರ್ಥಿ ಎಡವಿದರೆ ಬೈಯುವಂತಿಲ್ಲ.

ಹೂಡುವ ಮೊತ್ತ ಬೇರೆಬೇರೆ ಇದ್ದಾಗಲೂ ಇದೇ ಜಗಳ ಹುಟ್ಟುತ್ತದೆ. ಒಂದು ಲಕ್ಷ ಹಾಕಿ ವರ್ಷಕ್ಕೆ ಒಂದೂವರೆ ಲಕ್ಷ ಪಡೆದರೆ ದರ ಶೇ. 50. ಹತ್ತು ಲಕ್ಷ ಹಾಕಿ ಹನ್ನೆರಡೂವರೆ ಲಕ್ಷ ಪಡೆದರೆ ಶೇ. 25 ಮಾತ್ರ. ಆದರೆ ಎರಡನೆಯದರಲ್ಲಿ ಹೆಚ್ಚುವರಿಯಾಗಿ ಹಾಕಿದ 9 ಲಕ್ಷ 11 ಲಕ್ಷವಾಗಿ ಮರಳಿತು, ಅದು ಶೇ. 22ರ ಗಳಿಕೆ. ಶೇ. 14ಕ್ಕೆ ಸಾಲ ಸಿಗುವವರು ಆ 9 ಲಕ್ಷದ ಅವಕಾಶವನ್ನು ಕೈಬಿಡುವುದು ಏಕೆ?

ಕ್ರಾಸ್‌ಓವರ್ ದರ ಯಾವಾಗಲೂ ಒಂದೇ ಇರುತ್ತದೆ ಎಂದು ನಂಬಿಕೊಂಡರೆ ಮಾತ್ರ ಕಷ್ಟ. ಆಲ್ಚಿಯನ್ ಲೇಖನ ಬಂದ ವರ್ಷವೇ ಷಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ ತೈಲಬಾವಿಯ ಪಂಪಿನ ಸಮಸ್ಯೆಯನ್ನು ಮುಂದಿಟ್ಟರು. ಪಠ್ಯಪುಸ್ತಕಗಳಲ್ಲಿ ಅದು ಹೀಗೆ ಉಳಿದಿದೆ. ಬಾವಿಯಲ್ಲಿ ಈಗಿರುವ ಪಂಪ್ ಎರಡು ವರ್ಷ ತಲಾ 10,000 ಡಾಲರಿನ ತೈಲ ಎತ್ತುತ್ತದೆ. 1,600 ಡಾಲರ್ ಕೊಟ್ಟು ದೊಡ್ಡ ಪಂಪ್ ತಂದರೆ ಅಷ್ಟೂ ತೈಲ, 20,000 ಡಾಲರಿನದು, ಮೊದಲ ವರ್ಷವೇ ಬಂದುಬಿಡುತ್ತದೆ. ವ್ಯತ್ಯಾಸ ಹೀಗೆ: ಇಂದು 1,600 ಹೋಗುತ್ತದೆ, ಮುಂದಿನ ವರ್ಷ 10,000 ಬರುತ್ತದೆ, ಅದರ ಮುಂದಿನ ವರ್ಷ 10,000 ತಪ್ಪುತ್ತದೆ. ಇದನ್ನು ಸೊನ್ನೆ ಮಾಡುವ ದರಗಳು ಎರಡು, ಶೇ. 25 ಮತ್ತು ಶೇ. 400.

ವಿಚಿತ್ರವೆನಿಸಿದರೂ ಅರ್ಥವಿದೆ. ದೊಡ್ಡ ಪಂಪ್ ಮಾರುವುದು ಅವಸರವನ್ನು. 10,000 ಡಾಲರನ್ನು ಒಂದು ವರ್ಷ ಮುಂಚೆ ಪಡೆಯುವ ಲಾಭ ಶೇ. 10ರ ಬಡ್ಡಿಯಲ್ಲಿ ಇಂದಿನ ಬೆಲೆಗೆ 826 ಡಾಲರ್ ಮಾತ್ರ, ಅದಕ್ಕೆ 1,600 ಕೊಡುವುದು ದಂಡ. ಬಡ್ಡಿ ಶೇ. 25 ದಾಟಿದರೆ ಅವಸರಕ್ಕೆ ಬೆಲೆ ಬರುತ್ತದೆ. ಶೇ. 400ರ ಆಚೆ ಮುಂದಿನ ವರ್ಷದ ಹಣಕ್ಕೇ ಬೆಲೆಯಿಲ್ಲದಷ್ಟಾಗುತ್ತದೆ, ಇಂದು ಕೊಡುವ 1,600 ಮತ್ತೆ ದುಬಾರಿ. ವ್ಯತ್ಯಾಸದ ಸಾಲಿನಲ್ಲಿ ಕಳೆಯುವ ಚಿಹ್ನೆ ಕೂಡುವುದಾಗಿ, ಮತ್ತೆ ಕಳೆಯುವುದಾಗಿ ಬದಲಾದರೆ ಒಂದಕ್ಕಿಂತ ಹೆಚ್ಚು ಉತ್ತರ ಇರಬಹುದೆಂದು ಎಚ್ಚರಾಗಬೇಕು. ಎಕ್ಸೆಲ್ ಹಾಳೆ ಆ ಎಚ್ಚರಿಕೆ ಕೊಡುವುದಿಲ್ಲ. ಡಿ ಕಾಲಮ್ಮಿನಲ್ಲಿ ಪಂಪಿನ ಮೂರು ವ್ಯತ್ಯಾಸಗಳನ್ನು ಬರೆದು ಹೀಗೆ ಕೇಳಬಹುದು:

```
=IRR(D2:D4)
=IRR(D2:D4, 5)
```

ಮೊದಲನೆಯದು ಶೇ. 10ರಿಂದ ಹುಡುಕಲು ಹೊರಟು 25ಕ್ಕೆ ನಿಲ್ಲುತ್ತದೆ. ಎರಡನೆಯದು ಶೇ. 500ರಿಂದ ಹೊರಟು 400ಕ್ಕೆ ತಲುಪುತ್ತದೆ. ಎರಡೂ ಉತ್ತರಗಳ ಮುಖದಲ್ಲಿ ಒಂದೇ ಆತ್ಮವಿಶ್ವಾಸ.

ಪ್ರೆಸ್ಸಿನ ಲೆಕ್ಕದಲ್ಲಿ ಚಿಹ್ನೆ ಒಮ್ಮೆ ಮಾತ್ರ ಬದಲಾಗುತ್ತದೆ, ಹಾಗಾಗಿ ಈ ತೊಡಕು ಅಲ್ಲಿಲ್ಲ. ಅಲ್ಲಿರುವ ತೊಡಕೇ ಬೇರೆ. ಶೇ. 10 ಎಂಬ ಉತ್ತರ ನಿಂತಿರುವುದು ಮೂರನೇ ವರ್ಷದ 8.26 ಲಕ್ಷದ ಮೇಲೆ, ಅದು ಬರೀ ಅಂದಾಜು. ಅದು ಏಳೂವರೆ ಲಕ್ಷಕ್ಕೆ ಇಳಿದರೆ ಕ್ರಾಸ್‌ಓವರ್ ದರ ಶೇ. 4ರ ಸುಮಾರಿಗೆ ಕುಸಿಯುತ್ತದೆ, 9 ಲಕ್ಷಕ್ಕೆ ಏರಿದರೆ ಶೇ. 15 ದಾಟುತ್ತದೆ. ಹೀಗಾಗಿ ಅನುಭವಿಗಳು ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ: ನನ್ನ ಬಡ್ಡಿಯಲ್ಲಿ ಡಬ್ಬಿ ಯಂತ್ರ ಗೆಲ್ಲಬೇಕಾದರೆ ಮೂರನೇ ವರ್ಷ ಎಷ್ಟು ಬರಬೇಕು? ಹಾಸನದವರಿಗೆ 7.87 ಲಕ್ಷ ಬಂದರೆ ಸಾಕು, ಅಂದಾಜು 39,000 ರೂಪಾಯಿ ತಪ್ಪಿದರೂ ತೀರ್ಮಾನ ಉಳಿಯುತ್ತದೆ. ದಾವಣಗೆರೆಯವರಿಗೆ 8.80 ಲಕ್ಷ ಬೇಕು. ಕೊರತೆ 54,000 ರೂಪಾಯಿ. ಆ ಹಣ ಮೂರನೇ ವರ್ಷಕ್ಕೆ ಇನ್ನೊಂದೆರಡು ಬೇಕರಿಗಳ ಆರ್ಡರಿನಿಂದ ಬರುವುದಾದರೆ, ಯಂತ್ರದ ಮುಂಗಡ ಕೊಡುವ ಮೊದಲು ಅವರು ಹೋಗಿ ಮಾತಾಡಬೇಕಾದದ್ದು ಆ ಬೇಕರಿಗಳವರ ಜೊತೆಗೆ.