ಗಾಜಿನ ಗೋಳದ ಹಿಂದೆ ಬೆಳಕು ಕೂಡುವ ಜಾಗ

ಗಾಳಿಯಿಂದ ಗಾಜಿಗೆ ಬೆಳಕು ದಾಟುವ ಮೇಲ್ಮೈ ಚಪ್ಪಟೆಯಾಗಿದ್ದರೆ ಸಮಾಂತರ ಕಿರಣಗಳೆಲ್ಲ ಒಂದೇ ಅಳತೆಯಲ್ಲಿ ಬಾಗಿ, ಒಳಗೂ ಸಮಾಂತರವಾಗಿಯೇ ಸಾಗುತ್ತವೆ. ಮೇಲ್ಮೈ ಗೋಳದಂತೆ ಉಬ್ಬಿದ್ದರೆ ಹಾಗಾಗುವುದಿಲ್ಲ. ಅಕ್ಷದಿಂದ ದೂರ ಬೀಳುವ ಕಿರಣಕ್ಕೆ ಮೇಲ್ಮೈ ಹೆಚ್ಚು ಓರೆಯಾಗಿ ಸಿಗುವುದರಿಂದ ಅದು ಹೆಚ್ಚು ಬಾಗುತ್ತದೆ. ಹೀಗೆ ದೂರದ್ದು ಹೆಚ್ಚು, ಹತ್ತಿರದ್ದು ಕಡಿಮೆ ಬಾಗಿ, ಎಲ್ಲವೂ ಒಂದು ಬಿಂದುವಿನತ್ತ ಕೂಡುತ್ತವೆ. ಆ ಬಿಂದು ಎಲ್ಲಿದೆ ಎಂಬುದನ್ನು ಒಂದು ತ್ರಿಕೋನದ ಲೆಕ್ಕದಿಂದಲೇ ತಿಳಿಯಬಹುದು.

ಮೇಲ್ಮೈಯ ನಡುಬಿಂದುವನ್ನು ಧ್ರುವ ಎನ್ನುತ್ತಾರೆ. ಧ್ರುವವನ್ನೂ ಗೋಳದ ಕೇಂದ್ರವನ್ನೂ ಕೂಡಿಸುವ ಗೆರೆಯೇ ಅಕ್ಷ. ಗಾಳಿಯಲ್ಲಿ ಅಕ್ಷದ ಮೇಲಿರುವ ವಸ್ತುವಿನಿಂದ ಹೊರಟ ಕಿರಣವೊಂದು ಅಕ್ಷದಿಂದ h ಎತ್ತರದಲ್ಲಿ ಮೇಲ್ಮೈಯನ್ನು ತಾಗಿ, ಗಾಜಿನೊಳಗೆ ಬಾಗಿ, ಮುಂದೆ ಅಕ್ಷವನ್ನು ದಾಟುತ್ತದೆ ಎನ್ನೋಣ. ತಾಗಿದ ಜಾಗದಿಂದ ಕೇಂದ್ರಕ್ಕೆ ಎಳೆದ ತ್ರಿಜ್ಯವೇ ಅಲ್ಲಿಯ ಲಂಬ. ಅಕ್ಷದೊಂದಿಗೆ ಬರುವ ಕಿರಣ α ಕೋನವನ್ನೂ, ಬಾಗಿದ ಕಿರಣ β ಕೋನವನ್ನೂ, ಲಂಬ γ ಕೋನವನ್ನೂ ಮಾಡುತ್ತವೆ. ತ್ರಿಕೋನದ ಹೊರಕೋನ ಎರಡು ಒಳಕೋನಗಳ ಮೊತ್ತಕ್ಕೆ ಸಮ; ಆದ್ದರಿಂದ ಪತನ ಕೋನ i = α + γ, ವಕ್ರೀಭವನ ಕೋನ r = γ − β.

ಸ್ನೆಲ್ ನಿಯಮ ಸೈನ್‌ಗಳಲ್ಲಿದೆ. ಕೋನಗಳು ತೀರ ಚಿಕ್ಕವಾಗಿದ್ದಾಗ ಸೈನ್ ಬದಲು ಕೋನವನ್ನೇ ಬರೆಯಬಹುದು: n₁i = n₂r. ಮೇಲಿನ ಎರಡು ಬೆಲೆಗಳನ್ನು ಇಲ್ಲಿ ಹಾಕಿದರೆ

n₁α + n₂β = (n₂ − n₁)γ

ಚಿಕ್ಕ ಕೋನವೆಂದರೆ h ಎತ್ತರವನ್ನು ಆಯಾ ದೂರದಿಂದ ಭಾಗಿಸಿದ್ದು. ಮೂರೂ ಪದಗಳಲ್ಲಿ h ಇದೆ, ಹಾಗಾಗಿ ಅದು ಹೊಡೆದುಹೋಗುತ್ತದೆ. ಇಡೀ ಲೆಕ್ಕದ ತಿರುಳು ಇಲ್ಲಿದೆ: h ಉಳಿಯಲಿಲ್ಲವೆಂದರೆ ಕಿರಣ ಯಾವ ಎತ್ತರದಲ್ಲಿ ತಾಗಿದರೂ ಒಂದೇ ಬಿಂದುವಿಗೆ ಬರುತ್ತದೆ, ಅಂದರೆ ಪ್ರತಿಬಿಂಬ ಮೂಡುತ್ತದೆ. ದೂರಗಳನ್ನು ಧ್ರುವದಿಂದಲೇ ಅಳೆದು, ಬೆಳಕು ಸಾಗುವ ದಿಕ್ಕಿನದನ್ನು ಧನ, ಎದುರು ದಿಕ್ಕಿನದನ್ನು ಋಣ ಎಂದು ಹಿಡಿದರೆ ಸಿಗುವ ಸಮೀಕರಣ:

n₂/v − n₁/u = (n₂ − n₁)/R

u ವಸ್ತುವಿನ ದೂರ, v ಪ್ರತಿಬಿಂಬದ ದೂರ, R ವಕ್ರತಾ ತ್ರಿಜ್ಯ.

ಈಗ 5 ಸೆಂ.ಮೀ. ತ್ರಿಜ್ಯದ ಗಾಜಿನ ಗೋಳವೊಂದನ್ನು ಬಿಸಿಲಿಗೆ ಹಿಡಿಯೋಣ. ಗಾಜಿನ ವಕ್ರೀಭವನಾಂಕ 1.5. ಸೂರ್ಯ ಬಹುದೂರದಲ್ಲಿರುವುದರಿಂದ 1/u ಸೊನ್ನೆ. ಮೊದಲ ಮೇಲ್ಮೈಯಲ್ಲಿ 1.5/v = 0.5/5, ಅಂದರೆ v = 15 ಸೆಂ.ಮೀ. ಆದರೆ ಗೋಳದ ವ್ಯಾಸವೇ 10 ಸೆಂ.ಮೀ. ಕಿರಣಗಳು ಕೂಡುವ ಮೊದಲೇ ಹಿಂಬದಿಯ ಮೇಲ್ಮೈ ಎದುರಾಗುತ್ತದೆ.

ಎರಡನೆಯ ಮೇಲ್ಮೈಗೆ ಲೆಕ್ಕ ಹೊಸದಾಗಿ, ಅದರದೇ ಧ್ರುವದಿಂದ ಶುರುವಾಗಬೇಕು. ಕಿರಣಗಳು ಅದರಿಂದ 15 − 10 = 5 ಸೆಂ.ಮೀ. ಮುಂದಿನ ಬಿಂದುವಿನತ್ತ ಸಾಗುತ್ತಿವೆ. ಆ ಬಿಂದುವೇ ಇಲ್ಲಿ ವಸ್ತು, ಮಿಥ್ಯಾ ವಸ್ತು. ಆದ್ದರಿಂದ u = +5. ಕೇಂದ್ರ ಹಿಂದೆ ಉಳಿದಿರುವುದರಿಂದ R = −5.

1/v − 1.5/5 = (1 − 1.5)/(−5)

ಇದರಿಂದ 1/v = 0.4, v = 2.5 ಸೆಂ.ಮೀ. ಗೋಳದ ಹಿಂಬದಿಯಿಂದ ತ್ರಿಜ್ಯದ ಅರ್ಧದಷ್ಟು ದೂರದಲ್ಲಿ ಬಿಸಿಲು ಕೂಡುತ್ತದೆ. ವಿದ್ಯಾರ್ಥಿಗಳು ಎಡವುವುದು u ಚಿಹ್ನೆಯಲ್ಲಿ. ವಸ್ತುವೆಂದರೆ ಋಣವೇ ಎಂಬ ರೂಢಿಯಿಂದ −5 ಹಾಕಿದರೆ v = −5 ಬರುತ್ತದೆ; ಬೆಳಕು ಗೋಳದ ಕೇಂದ್ರದಿಂದ ಚದುರುತ್ತಿದೆ ಎಂದು ಅದರ ಅರ್ಥ. ಗೋಳದ ಹಿಂದೆ ಒಂದು ಕಾಗದ ಹಿಡಿದು ನೋಡಿದರೆ ಸಾಕು, ಉರಿಯುವ ಚುಕ್ಕೆ ಆ ಉತ್ತರವನ್ನು ಸುಳ್ಳಾಗಿಸುತ್ತದೆ.

ಆ ಚುಕ್ಕೆಯನ್ನೇ ನೆಚ್ಚಿದ ಉಪಕರಣವೊಂದಿದೆ. 1853ರಲ್ಲಿ ಜಾನ್ ಕ್ಯಾಂಪ್‌ಬೆಲ್ ಮರದ ಬಟ್ಟಲಿನಲ್ಲಿ ನೀರು ತುಂಬಿದ ಗಾಜಿನ ಗೋಳವನ್ನಿಟ್ಟು, ಬಿಸಿಲು ಮರವನ್ನು ಸುಟ್ಟ ಗುರುತಿನಿಂದ ಬಿಸಿಲಿನ ಲೆಕ್ಕವಿಟ್ಟ. ನೀರಿನ ವಕ್ರೀಭವನಾಂಕ 1.33 ಆದ್ದರಿಂದ ಅಲ್ಲಿ ಬೆಳಕು ಕೂಡುವುದು ಇನ್ನೂ ಹಿಂದೆ, ಗೋಳದಿಂದ ಸುಮಾರು ಒಂದು ತ್ರಿಜ್ಯದಷ್ಟು ಆಚೆ. 1879ರಲ್ಲಿ ಜಾರ್ಜ್ ಸ್ಟೋಕ್ಸ್ ಅದನ್ನು ಸುಧಾರಿಸಿ, ಗೋಳದ ಹಿಂದೆ ಬಾಗಿದ ಲೋಹದ ಚೌಕಟ್ಟಿನಲ್ಲಿ ಕಾರ್ಡು ಸಿಕ್ಕಿಸುವ ಏರ್ಪಾಡು ಮಾಡಿದರು. ಸೂರ್ಯ ಸರಿದಂತೆ ಚುಕ್ಕೆ ಕಾರ್ಡಿನ ಮೇಲೆ ಕರಿಗೆರೆ ಎಳೆಯುತ್ತದೆ. ಮೋಡ ಮುಚ್ಚಿದಾಗ ಗೆರೆ ತುಂಡಾಗುತ್ತದೆ. ಗೋಳಕ್ಕೆ ಎಲ್ಲ ದಿಕ್ಕೂ ಒಂದೇ ಆದ್ದರಿಂದ ದಿನವಿಡೀ ಯಾವುದನ್ನೂ ತಿರುಗಿಸಬೇಕಿಲ್ಲ.

ಆ ಚುಕ್ಕೆ ಮಾತ್ರ ಸಮೀಕರಣ ಹೇಳುವಷ್ಟು ಚೊಕ್ಕವಾಗಿರುವುದಿಲ್ಲ. ಚಿಕ್ಕ ಕೋನದ ಊಹೆ ಗೋಳದ ಅಂಚಿನತ್ತ ಕೈಕೊಡುತ್ತದೆ. ಸ್ನೆಲ್ ನಿಯಮವನ್ನು ಸೈನ್‌ಗಳ ಸಮೇತ ಬಳಸಿ ನೋಡಿದರೆ, ಅಕ್ಷದ ಬಳಿಯ ಕಿರಣಗಳು ಕೇಂದ್ರದಿಂದ 7.5 ಸೆಂ.ಮೀ. ದೂರದಲ್ಲಿ ಕೂಡುವಾಗ, ಅಕ್ಷದಿಂದ 2.5 ಸೆಂ.ಮೀ. ಎತ್ತರದಲ್ಲಿ ಬಿದ್ದ ಕಿರಣ ಸುಮಾರು 7 ಸೆಂ.ಮೀ. ದೂರದಲ್ಲೇ ಅಕ್ಷವನ್ನು ದಾಟುತ್ತದೆ. 4.3 ಸೆಂ.ಮೀ. ಎತ್ತರದ್ದು 5.7 ಸೆಂ.ಮೀ. ದೂರದಲ್ಲೇ ದಾಟಿಬಿಡುತ್ತದೆ. ಕಾಗದವನ್ನು ಗೋಳದ ಬೆನ್ನಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸುತ್ತ ಹೋದರೆ ಇದು ಕಣ್ಣಿಗೇ ಕಾಣುತ್ತದೆ: ಮೊದಲು ಅಂಚು ಹೊಳೆಯುವ ಒಂದು ವೃತ್ತ, ಅದು ಕುಗ್ಗುತ್ತ ಬಂದು ಗಟ್ಟಿ ಚುಕ್ಕೆ, ಕೊನೆಗೆ ಚುಕ್ಕೆಯ ಸುತ್ತ ಅಂಚಿನ ಕಿರಣಗಳು ಹರಡಿದ ಮಸುಕು ಬೆಳಕು.