ದನವೋ ಧನವೋ? ಮೊಬೈಲಿನಲ್ಲಿ ಓದಿಸಿಕೊಳ್ಳುವ ಕನ್ನಡ ಅಕ್ಷರ

ಉಚಿತ ಕಣ್ಣಿನ ತಪಾಸಣಾ ಶಿಬಿರಕ್ಕೆ ಪೋಸ್ಟರ್ ಮಾಡಿ ಊರಿನ ವಾಟ್ಸಾಪ್ ಗುಂಪುಗಳಿಗೆ ಕಳಿಸಬೇಕಿದೆ ಎಂದುಕೊಳ್ಳಿ. ಓದಬೇಕಾದವರಲ್ಲಿ ಹೆಚ್ಚಿನವರಿಗೆ ದೃಷ್ಟಿ ಮಂಜಾಗಿರುತ್ತದೆ. ಕಂಪ್ಯೂಟರಿನಲ್ಲಿ 1080 ಪಿಕ್ಸೆಲ್ ಅಗಲದ ಚೌಕ ತೆರೆದು, ಸ್ಥಳ ಮತ್ತು ಸಮಯವನ್ನು 28 ಪಿಕ್ಸೆಲ್ ಗಾತ್ರದಲ್ಲಿ ಬರೆದರೆ ಅಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದೇ ಚಿತ್ರ ಫೋನಿನಲ್ಲಿ ಸುಮಾರು ಆರೂವರೆ ಸೆಂಟಿಮೀಟರ್ ಅಗಲಕ್ಕೆ ಕುಗ್ಗುತ್ತದೆ. ಆಗ ಆ ಅಕ್ಷರಕ್ಕೆ ಸಿಗುವ ಎತ್ತರ 1.7 ಮಿಲಿಮೀಟರ್. ಮೇಲಿನ ಗುಡಿಸು, ಕೆಳಗಿನ ಒತ್ತು ಎರಡಕ್ಕೂ ಅದರಲ್ಲೇ ಪಾಲು ಹೋಗಬೇಕು. ‘ಆಸ್ಪತ್ರೆ’ಯ ಪ-ಒತ್ತು, ರ-ಒತ್ತುಗಳು ಬರೀ ಚುಕ್ಕೆಗಳಾಗುತ್ತವೆ.

ಹಾಗಾಗಿ ಮುಖ್ಯ ವಿವರ 48 ಪಿಕ್ಸೆಲ್‌ಗಿಂತ ಕೆಳಗಿಳಿಯಬಾರದು. ಹಿರಿಯರಿಗಾದರೆ 56 ಇರಲಿ, ಶೀರ್ಷಿಕೆ 90ರ ಆಸುಪಾಸಿನಲ್ಲಿರಲಿ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಅಕ್ಷರ ಮೂರು ಅಂತಸ್ತಿನದು.

ಫಾಂಟ್ ಆರಿಸುವಾಗ ನಾನು ಮೊದಲು ನೋಡುವುದು ಮಹಾಪ್ರಾಣದ ಸೀಳನ್ನು. ದ-ಧ, ಬ-ಭ, ಪ-ಫ ಜೋಡಿಗಳಲ್ಲಿ ವ್ಯತ್ಯಾಸವಿರುವುದೆಲ್ಲ ಅಡಿಯಲ್ಲಿನ ಒಂದು ಸಣ್ಣ ಗೀರಿನಲ್ಲಿ. ತೀರಾ ದಪ್ಪ ಫಾಂಟನ್ನು ಸಣ್ಣದಾಗಿ ಬಳಸಿದರೆ ಆ ಗೀರು ಮುಚ್ಚಿಹೋಗಿ ‘ಧನಸಹಾಯ’ವು ‘ದನಸಹಾಯ’ವಾಗುತ್ತದೆ. Baloo Tamma 2 ಫಾಂಟಿನ ದಪ್ಪ ರೂಪ ಶೀರ್ಷಿಕೆಗೆ ಸೊಗಸು, ವಿವರಗಳಿಗೆ ಬೇಡ. ಅಲ್ಲಿಗೆ Noto Sans Kannada ಅಥವಾ Anek Kannada ಫಾಂಟಿನ ಮಧ್ಯಮ ದಪ್ಪ ಹೊಂದುತ್ತದೆ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. Anek Kannadaದಲ್ಲಿ ಅಕ್ಷರವನ್ನು ಕಿರಿದಾಗಿಸುವ ಸೌಲಭ್ಯವಿದೆ, ಆದರೆ ಜಾಗ ಉಳಿಸಲೆಂದು ಅದನ್ನು ಕೊನೆಯವರೆಗೆ ಎಳೆಯಬೇಡಿ. ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗವೇ ಅದನ್ನು ಓದಿಸುವುದು.

ಇನ್ನು ಸಾಲುಗಳ ಅಂತರ. ಮೇಲಿನ ಸಾಲಿನಲ್ಲಿ ‘ಆಸ್ಪತ್ರೆ’, ನೇರ ಕೆಳಗೆ ‘ಶಿಬಿರ’ ಬಂದರೆ ಒತ್ತು ಹೋಗಿ ಗುಡಿಸಿಗೆ ತಾಗುತ್ತದೆ. ಗಾತ್ರದ ಒಂದೂವರೆ ಪಟ್ಟು, ಅಂದರೆ 48ಕ್ಕೆ 72 ಪಿಕ್ಸೆಲ್ ಕೊಡಿ. ಅಂಚು ಬಿಟ್ಟು ಲೆಕ್ಕ ಹಾಕಿದರೆ ಇಡೀ ಪೋಸ್ಟರಿನಲ್ಲಿ ಹಿಡಿಯುವುದು ಹದಿಮೂರು ಸಾಲು. ಶೀರ್ಷಿಕೆ, ಚಿತ್ರ ಕಳೆದರೆ ಆರೋ ಏಳೋ. ಅಷ್ಟರಲ್ಲಿ ದಿನಾಂಕ, ಸಮಯ, ಸ್ಥಳ, ತರಬೇಕಾದ ದಾಖಲೆ, ಫೋನ್ ನಂಬರು ಬರಬೇಕು. ಅತಿಥಿಗಳ ಪಟ್ಟಿ, ಪ್ರಾಯೋಜಕರ ಹೆಸರುಗಳನ್ನು ಎರಡನೇ ಚಿತ್ರಕ್ಕೆ ಕಳಿಸಿ, ಅಕ್ಷರ ಕುಗ್ಗಿಸಬೇಡಿ.

ಬಣ್ಣದ ವಿಷಯದಲ್ಲಿ ಒಂದೇ ಮಾತು: ನೀಲಿಯ ಮೇಲೆ ಕೆಂಪು ಬೇಡ. ವಾಟ್ಸಾಪ್ ಚಿತ್ರವನ್ನು ಹಿಂಡಿ ಕಳಿಸುವಾಗ ಅಂಥ ಅಕ್ಷರಗಳ ಅಂಚು ಕದಡುತ್ತದೆ. ಬಿಳಿ ಅಥವಾ ತಿಳಿ ಹಳದಿಯ ಮೇಲೆ ಕಪ್ಪು ಇರಲಿ.

ಗುಂಪಿಗೆ ಹಾಕುವ ಮೊದಲು ಚಿತ್ರವನ್ನು ಮನೆಯ ಹಿರಿಯರೊಬ್ಬರ ಫೋನಿಗೆ ಕಳಿಸಿ, ಸ್ಥಳ ಮತ್ತು ಸಮಯವನ್ನು ಗಟ್ಟಿಯಾಗಿ ಓದಲು ಹೇಳಿ. ಅವರು ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಿದರೆ, ದಯವಿಟ್ಟು ಇನ್ನೊಂದು ಸಾಲು ಕಡಿಮೆ ಮಾಡಿ, ಅಕ್ಷರ ದೊಡ್ಡದು ಮಾಡಿ.